ಅಡವಿಯ ದಾರಿಗೆ ನಕ್ಷೆಯ ಬುತ್ತಿ

ಚಾಮರಾಜನಗರವನ್ನು ಬಿಟ್ಟು ತೆಂಕಣಕ್ಕೆ ಹೊರಟ ಹೆದ್ದಾರಿಯು, ಬಯಲಿನ ಹೊಲಗಳನ್ನು ಹಿಂದಿಕ್ಕಿ, ಪುಣಜನೂರಿನ ಚೆಕ್‌ಪೋಸ್ಟಿನ ಬಳಿ ಕಾಡನ್ನು ಹೊಕ್ಕು, ಕಾರಪಳ್ಳದ ಗಡಿಯಲ್ಲಿ ಕರ್ನಾಟಕವನ್ನು ಕಳೆದು ತಮಿಳುನಾಡನ್ನು ಸೇರಿ, ಹಾಸನೂರನ್ನು ಹಾದು, ದಿಂಬಂ ಎಂಬ ಘಟ್ಟದ ನೆತ್ತಿಗೆ ಬಂದು, ಅಲ್ಲಿಂದ 27 ಹೇರ್‌ಪಿನ್ ತಿರುವುಗಳಲ್ಲಿ ಬಣ್ಣಾರಿಯ ಬಯಲಿಗಿಳಿದು ಸತ್ಯಮಂಗಲವನ್ನು ಮುಟ್ಟುತ್ತದೆ. ಬಹುಕಾಲ 209 ಎಂಬ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದು ಈಗ 948 ಎಂದು ಕರೆಯಲ್ಪಡುವ ಈ ಹೆದ್ದಾರಿಯು ಬೆಂಗಳೂರನ್ನೂ ಕೊಯಮತ್ತೂರನ್ನೂ ಕೂಡಿಸುವ ದಾರಿಯಾದುದರಿಂದ ಇದರಲ್ಲಿ ಲಾರಿಗಳಿಗೂ ಬಸ್ಸುಗಳಿಗೂ ಕೊರತೆಯಿಲ್ಲ. ಆದರೆ ಪುಣಜನೂರಿನಿಂದ ಬಣ್ಣಾರಿಯವರೆಗೆ ಮೊದಲು ಬಿಳಿಗಿರಿರಂಗನ ಬೆಟ್ಟದ ಹುಲಿ ರಕ್ಷಿತಾರಣ್ಯವೂ ಗಡಿಯ ಆಚೆ ಸತ್ಯಮಂಗಲದ ಹುಲಿ ರಕ್ಷಿತಾರಣ್ಯವೂ ಹಬ್ಬಿಕೊಂಡಿರುವುದರಿಂದ, ಊರುಗಳ ಸಮೀಪದಲ್ಲಿ ಒಂದೆರಡು ಗೆರೆ ತೋರುವ ಸಿಗ್ನಲ್ಲು ಮರಗಳ ನಡುವೆ ಕ್ಷೀಣಿಸಿ, ಬೆಟ್ಟದ ಮರೆಯಲ್ಲಿ ಇಲ್ಲವೇ ಆಗಿಬಿಡುತ್ತದೆ. ಫೋನಿನ ನಕ್ಷೆಯನ್ನು ನಂಬಿ ಗಾಡಿ ಓಡಿಸುವುದು ಸರ್ವಸಾಮಾನ್ಯವಾಗಿರುವ ಈ ಕಾಲದಲ್ಲಿ, ಇಂಥ ದಾರಿಗೆ ಹೊರಡುವವನು ಮನೆಯಲ್ಲಿರುವಾಗಲೇ ಬುತ್ತಿಯನ್ನು ಕಟ್ಟಿಕೊಳ್ಳುವಂತೆ ನಕ್ಷೆಯನ್ನೂ ಇಳಿಸಿಕೊಂಡು ಹೋಗಬೇಕೆಂಬುದು ಈಗ ಅನೇಕರಿಗೆ ತಿಳಿದ ಮಾತೇ. ಎಷ್ಟು ಇಳಿಸಿಕೊಳ್ಳಬೇಕು, ಇಳಿಸಿಕೊಂಡದ್ದು ಎಲ್ಲಿಯವರೆಗೆ ಕೈಹಿಡಿದೀತು, ಎಲ್ಲಿ ಕೈಬಿಟ್ಟೀತು ಎಂಬ ವಿಚಾರವನ್ನು ಮಾತ್ರ ಯಾರೂ ಅಷ್ಟಾಗಿ ಯೋಚಿಸಿದಂತೆ ಕಾಣುವುದಿಲ್ಲ. ಹಾಸನೂರಿನ ದಾರಿಯನ್ನೇ ಮುಂದಿಟ್ಟುಕೊಂಡು ಅದನ್ನು ಇಲ್ಲಿ ಪರ್ಯಾಲೋಚಿಸಲು ಇಚ್ಛಿಸುತ್ತೇನೆ.

ನಾನು ಇದನ್ನು ಯೋಚಿಸಲು ತೊಡಗಿದ್ದು ಒಂದು ಸಂಜೆಯ ಅನುಭವದಿಂದ. ಸತ್ಯಮಂಗಲದಲ್ಲಿ ಮರುದಿನ ಬೆಳಗ್ಗೆ ಒಂದು ಮದುವೆ. ಚಾಮರಾಜನಗರದಿಂದ ಮಧ್ಯಾಹ್ನ ಹೊರಟು, ಹಾಸನೂರಿನಲ್ಲಿ ಚಹಾ ಕುಡಿದು, ಬೆಳಕಿರುವಾಗಲೇ ಘಟ್ಟ ಇಳಿಯಬೇಕೆಂಬ ಸಂಕಲ್ಪ. ಹಿಂದಿನ ರಾತ್ರಿಯೇ ಫೋನಿನಲ್ಲಿ ಹಾಸನೂರೆಂದು ಹುಡುಕಿ, ಆ ಊರಿನ ಸುತ್ತ ಒಂದು ಚಿಕ್ಕ ಚೌಕವನ್ನು ಇಳಿಸಿಕೊಂಡಿದ್ದೆ. ಕಾಡು ಇರುವುದು ಹಾಸನೂರಿನ ಸುತ್ತಲೇ ಅಲ್ಲವೆ, ಆಚೀಚೆ ಹೇಗೂ ಸಿಗ್ನಲ್ ಇದೆ ಎಂಬುದು ನನ್ನ ಲೆಕ್ಕ. ಚಾಮರಾಜನಗರದಲ್ಲಿ ಹೊರಡುವಾಗ ಗಮ್ಯಸ್ಥಾನವನ್ನು ಕೊಟ್ಟೆ. ನೀಲಿ ಗೆರೆ ಮೂಡಿತು. ಪುಣಜನೂರಿನ ಆಚೆ ಸಿಗ್ನಲ್ಲಿನ ಗೆರೆಗಳೆಲ್ಲ ಅಳಿದ ಮೇಲೂ ಬಾಣದ ಗುರುತು ನೀಲಿ ಗೆರೆಯ ಮೇಲೆ ಸರಾಗವಾಗಿ ಜರುಗುತ್ತಿತ್ತು. ಇಳಿಸಿಕೊಂಡ ನಕ್ಷೆಯೇ ಕೆಲಸ ಮಾಡುತ್ತಿದೆಯೆಂದು ನಾನು ಸಂತುಷ್ಟನಾದೆ. ಹಾಸನೂರಿನಲ್ಲಿ ಚಹಾದಂಗಡಿಯ ಮುಂದೆ ಕುಳಿತಿದ್ದಾಗ ಫೋನಿನ ಶಕ್ತಿ ಮುಗಿದು ಅದು ಆರಿಹೋಯಿತು. ಗಾಡಿಯಲ್ಲಿ ಚಾರ್ಜಿಗೆ ಹಾಕಿ ಮತ್ತೆ ಹಚ್ಚಿ, ಸತ್ಯಮಂಗಲಕ್ಕೆ ದಾರಿ ಕೇಳಿದರೆ, ಅರೆಗಳಿಗೆ ಒಂದು ಚಕ್ರ ತಿರುಗಿ, ದಾರಿ ಸಿಗಲಿಲ್ಲವೆಂಬ ಉತ್ತರ ಬಂದಿತು. ಊರು ದಾಟಿದರೆ ಸಿಕ್ಕೀತೆಂದು ಗಾಡಿ ಹೊರಡಿಸಿದವನು, ಮಂಜು ಕವಿದ ಮಬ್ಬಿನಲ್ಲಿ ಗೇರ್ಮಾಳಂ ಕಡೆಗೆ ಕವಲೊಡೆಯುವ ರಸ್ತೆಯನ್ನೇ ಹೆದ್ದಾರಿಯೆಂದು ಭ್ರಮಿಸಿ ಹಿಡಿದೆ. ರಸ್ತೆ ಕಿರಿದಾಯಿತು, ಫೋನಿನಲ್ಲಿ ಕೆಲವು ಗೆರೆಗಳು ಕಂಡು, ಬಳಿಕ ಅವೂ ಅಳಿಸಿ, ಬೂದುಬಣ್ಣದ ಬಯಲಿನ ನಡುವೆ ಬಾಣದ ಗುರುತೊಂದೇ ಉಳಿಯಿತು. ಎದುರಿಗೆ ಮೋಟಾರ್ ಸೈಕಲ್ಲಿನಲ್ಲಿ ಬಂದ ಒಬ್ಬ ಹಿರಿಯರು ನಿಲ್ಲಿಸಿ, "ಸ್ವಾಮಿ, ಎಲ್ಲಿಗೆ ಹೊಂಟ್ರಿ? ಸತ್ತಿಗಾ? ಈ ದಾರಿ ಗೇರ್ಮಾಳಕ್ಕೆ ಹೋಯ್ತದೆ. ಹೊತ್ತು ಮುಳುಗ್ತು, ಆನೆ ಇಳಿಯೋ ಹೊತ್ತು, ತಿರುಗಿಸ್ಕಳಿ" ಎಂದು ಎಚ್ಚರಿಸಿ, ನಾನು ಗಾಡಿ ತಿರುಗಿಸುವವರೆಗೆ ನಿಂತಿದ್ದು, ಹೆದ್ದಾರಿಯವರೆಗೆ ಮುಂದೆ ಮುಂದೆ ಬಂದು ಬಿಟ್ಟುಹೋದರು.

ಆ ಸಂಜೆ ನಡೆದುದನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಈ ವಿಷಯದ ಬಹುಭಾಗ ತಾನಾಗಿಯೇ ವಿಶದವಾಗುತ್ತದೆ.

ಮೊದಲನೆಯದಾಗಿ, ಬೂದು ಬಯಲಿನಲ್ಲಿಯೂ ಬಾಣದ ಗುರುತು ಉಳಿದುದೇಕೆ? ಫೋನು ತಾನಿರುವ ಸ್ಥಳವನ್ನು ತಿಳಿಯುವುದಕ್ಕೂ ಆ ಸ್ಥಳದ ಚಿತ್ರವನ್ನು ತೋರಿಸುವುದಕ್ಕೂ ಪರಸ್ಪರ ಸಂಬಂಧವಿಲ್ಲ. ಸ್ಥಳ ತಿಳಿಯುವುದು ಉಪಗ್ರಹಗಳಿಂದ. ಭೂಮಿಯ ಮೇಲೆ ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಆಕಾಶವಾಣಿಯಂತೆ ಸದಾ ಪ್ರಸಾರ ಮಾಡುತ್ತಿರುತ್ತವೆ, ಫೋನು ಕೇವಲ ಶ್ರೋತೃ. ಅದು ತಿರುಗಿ ಏನನ್ನೂ ಕಳುಹಿಸಬೇಕಾಗಿಲ್ಲವಾದ್ದರಿಂದ ಮೊಬೈಲ್ ಕಂಪನಿಯ ಟವರಿನ ಹಂಗು ಅದಕ್ಕಿಲ್ಲ. ಟವರು ಒಂದು ಉಪಕಾರವನ್ನು ಮಾತ್ರ ಮಾಡುತ್ತದೆ. ಯಾವ ಉಪಗ್ರಹ ಈಗ ಎಲ್ಲಿದೆ ಎಂಬ ಪಂಚಾಂಗವನ್ನು ಅಂತರ್ಜಾಲದ ಮೂಲಕ ಫೋನಿಗೆ ಮೊದಲೇ ಒದಗಿಸಿ, ಹುಡುಕಾಟವನ್ನು ಕ್ಷಣಮಾತ್ರದಲ್ಲಿ ಮುಗಿಸುತ್ತದೆ. ಟವರಿಲ್ಲದೆಡೆ ಆ ವಿವರವನ್ನು ಉಪಗ್ರಹದಿಂದಲೇ ಕೇಳಿ ಬರೆದುಕೊಳ್ಳಬೇಕು. ಉಪಗ್ರಹವು ಸೆಕೆಂಡಿಗೆ 50 ಬಿಟ್ಟುಗಳಷ್ಟು ಮಂದಗತಿಯಲ್ಲಿ ಹೇಳುವುದರಿಂದ ಒಂದು ಆವರ್ತಕ್ಕೆ 30 ಸೆಕೆಂಡು ಹಿಡಿಯುತ್ತದೆ, ನಡುವೆ ಮರದ ಕೊಂಬೆಯೋ ಬೆಟ್ಟದ ಗೋಡೆಯೋ ಅಡ್ಡಬಂದು ತುಣುಕೊಂದು ತಪ್ಪಿದರೆ ಮುಂದಿನ ಆವರ್ತಕ್ಕೆ ಕಾಯಬೇಕು. ಆದುದರಿಂದ ಕಾಡಿನ ನಡುವೆ ಆರಿಹೋದ ಫೋನನ್ನು ಮತ್ತೆ ಹಚ್ಚಿದಾಗ ನೀಲಿ ಚುಕ್ಕೆ ತಡವಾಗಿ ಮೂಡಿದರೆ ಅದು ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ. ಆಕಾಶ ಕಾಣುವ ತೆರವಿನಲ್ಲಿ ಗಾಡಿಯನ್ನು ನಿಲ್ಲಿಸಿ ಒಂದೆರಡು ನಿಮಿಷ ತಾಳಿದರೆ ಸಾಕು. ಊರು ಬಿಡುವ ಮುನ್ನವೇ ಚುಕ್ಕೆ ನೆಲೆಗೊಂಡಿದ್ದರೆ ಈ ತಾಪತ್ರಯವೂ ಇಲ್ಲ, ಏಕೆಂದರೆ ಒಮ್ಮೆ ಕೇಳಿಕೊಂಡ ವಿವರವು ಕೆಲವು ಗಂಟೆಗಳ ಕಾಲ ನಡೆಯುತ್ತದೆ.

ಎರಡನೆಯದು, ಚಾಮರಾಜನಗರದಿಂದ ಹಾಸನೂರಿನವರೆಗೆ ನನ್ನನ್ನು ನಡೆಸಿದ ನೀಲಿ ಗೆರೆಯ ಸಂಗತಿ. ಅದನ್ನು ನಾನು ಇಳಿಸಿಕೊಂಡ ನಕ್ಷೆಯ ಫಲವೆಂದು ತಿಳಿದದ್ದೇ ಪ್ರಮಾದ. ಸಿಗ್ನಲ್ ಇರುವಾಗ ದಾರಿ ಕೇಳಿದರೆ, ದೂರದ ಯಾವುದೋ ಊರಿನ ಯಂತ್ರವೊಂದು ದಾರಿಯನ್ನು ಗಣಿಸಿ, ಆದ್ಯಂತವಾಗಿ ಒಂದು ಗೆರೆಯನ್ನೂ ಅದರ ಇಕ್ಕೆಲದ ಕಿರುಪಟ್ಟಿಯಷ್ಟು ಚಿತ್ರವನ್ನೂ ಫೋನಿಗೆ ಕಳುಹಿಸಿಬಿಡುತ್ತದೆ. ಆಮೇಲೆ ಸಿಗ್ನಲ್ ಹೋದರೂ ಆ ಗೆರೆ ಉಳಿಯುತ್ತದೆ. ಗೆರೆಯನ್ನು ಬಿಟ್ಟು ಕದಲದಿರುವ ತನಕ ಅದು ಸಾಕು. ದಾರಿ ತಪ್ಪಿದರೆ, ಅಥವಾ ಫೋನು ಆರಿದರೆ, ಅಥವಾ ಕೈತಪ್ಪಿ ಪ್ರಯಾಣವನ್ನು ಮುಗಿಸಿಬಿಟ್ಟರೆ, ಹೊಸ ಗೆರೆಯನ್ನು ಗಣಿಸುವ ಸಾಮರ್ಥ್ಯ ಫೋನಿನಲ್ಲಿ ಇರುವುದಿಲ್ಲ. ಹಳೆಯ ಕಾಲದಲ್ಲಿ ಹೊಸ ಊರಿಗೆ ಹೊರಟವನ ಕೈಗೆ 'ಇಂಥ ಆಲದಮರದ ಬಳಿ ಬಲಕ್ಕೆ' ಎಂದು ಬರೆದುಕೊಟ್ಟ ಚೀಟಿಯನ್ನು ಈ ಗೆರೆಗೆ ಹೋಲಿಸಬಹುದು. ಆಲದಮರವನ್ನು ಗಮನಿಸದೆ ಮುಂದೆ ಹೋದವನಿಗೆ ಚೀಟಿಯಿಂದ ಪ್ರಯೋಜನವಿಲ್ಲ. ಇಳಿಸಿಕೊಂಡ ನಕ್ಷೆಯು ಚೀಟಿಯಲ್ಲ. ಅದರಲ್ಲಿ ಆ ಪ್ರದೇಶದ ಎಲ್ಲ ರಸ್ತೆಗಳೂ ಅವು ಕೂಡುವ ಸಂಧಿಗಳೂ ಅಂಕಿಗಳ ರೂಪದಲ್ಲಿ ಅಡಕವಾಗಿರುವುದರಿಂದ, ಫೋನು ತಾನೇ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೊಸದಾಗಿ ದಾರಿಯನ್ನು ಗಣಿಸಬಲ್ಲುದು. ಆದರೆ ಹೊರಡುವ ಸ್ಥಳವೂ ಸೇರುವ ಸ್ಥಳವೂ ನಡುವಣ ರಸ್ತೆಯೂ ಇಳಿಸಿಕೊಂಡ ಪ್ರದೇಶದ ಒಳಗೇ ಇರಬೇಕೆಂಬುದು ಅದಕ್ಕೆ ಅನಿವಾರ್ಯವಾದ ನಿಬಂಧನೆ. ನನ್ನ ಚೌಕದಲ್ಲಿ ಹಾಸನೂರಿತ್ತು, ಸತ್ಯಮಂಗಲವಿರಲಿಲ್ಲ. ದಾರಿ ಸಿಗದೆ ಹೋದುದು ಅದಕ್ಕೆ. ಬಾಣವು ಬೂದು ಬಯಲನ್ನು ಹೊಕ್ಕಿದ್ದು ಚೌಕದ ಮೂಡಣ ಅಂಚನ್ನು ದಾಟಿದಾಗ.

ಹಾಗಾದರೆ ಅಂಚನ್ನು ಎಲ್ಲಿ ಇಡಬೇಕು? ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯೇ ವಿಷಯದ ತಿರುಳು. ಬಹುಮಂದಿ ಹೋಗುವ ಊರಿನ ಸುತ್ತ ಚೌಕ ಬಿಡಿಸುತ್ತಾರೆ. ಸ್ವಲ್ಪ ಎಚ್ಚರವುಳ್ಳವರು ಹೋಗುವ ದಾರಿಯ ಸುತ್ತ ಬಿಡಿಸುತ್ತಾರೆ. ಬಿಡಿಸಬೇಕಾದದ್ದು ಅನಿರೀಕ್ಷಿತವಾಗಿ ಹೋಗಬೇಕಾಗಿ ಬರಬಹುದಾದ ದಾರಿಗಳನ್ನೂ ಸೇರಿಸಿಕೊಂಡು. ದಿಂಬಂ ಘಟ್ಟದಲ್ಲಿ ಭಾರದ ಲಾರಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡು ಗಂಟೆಗಟ್ಟಲೆ ರಸ್ತೆ ನಿಲ್ಲುವುದು ಅಪರೂಪವಲ್ಲ. ಆಗ ಕೊಯಮತ್ತೂರಿನ ಕಡೆಗೆ ಹೋಗಲೇಬೇಕಾದವನಿಗೆ ಉಳಿಯುವ ಹಾದಿ ಎರಡು: ಪಡುವಣಕ್ಕೆ ಗುಂಡ್ಲುಪೇಟೆಗೆ ಸರಿದು ಬಂಡೀಪುರದ ಮೂಲಕ ನೀಲಗಿರಿಯ ದಾರಿ ಹಿಡಿಯುವುದು ಒಂದು; ಮೂಡಣಕ್ಕೆ ಕೊಳ್ಳೇಗಾಲ, ಹನೂರುಗಳ ಮೂಲಕ ಗರಿಕೆಕಂಡಿಯ ಗಡಿ ದಾಟಿ, ಬರಗೂರಿನ ಘಟ್ಟವನ್ನಿಳಿದು ಅಂದಿಯೂರು ಸೇರುವುದು ಇನ್ನೊಂದು. ನೀಲಗಿರಿಯ ಕಡೆಯ ಮುಂದಿನ ಭಾಗವೊಂದನ್ನು ಬಿಟ್ಟು ಇವೆಲ್ಲವೂ ಒಳಗೊಳ್ಳಬೇಕಾದರೆ ಆಯತದ ಪಡುವಣ ಅಂಚು ಗುಂಡ್ಲುಪೇಟೆಯ ಆಚೆಗೂ ಮೂಡಣ ಅಂಚು ಅಂದಿಯೂರಿನ ಆಚೆಗೂ ಬಡಗಣ ಅಂಚು ಕೊಳ್ಳೇಗಾಲದ ಮೇಲಕ್ಕೂ ತೆಂಕಣ ಅಂಚು ಸತ್ಯಮಂಗಲದ ಕೆಳಕ್ಕೂ ಬರಬೇಕು. ಪೂರ್ವಪಶ್ಚಿಮವಾಗಿ ಸುಮಾರು 100 ಕಿಲೋಮೀಟರ್, ಉತ್ತರದಕ್ಷಿಣವಾಗಿ ಸುಮಾರು 75 ಕಿಲೋಮೀಟರ್ ಆಗುತ್ತದೆ. ನಾನು ಬಿಡಿಸಿದ್ದ ಚೌಕಕ್ಕೆ ಇದು ಎಷ್ಟೋ ಪಾಲು ದೊಡ್ಡದು. ಕೇಳಲು ದೊಡ್ಡದೆನಿಸಿದರೂ, ಅದರ ಬಹುಭಾಗ ಕಾಡೂ ಹೊಲವೂ ಆಗಿ ರಸ್ತೆಗಳೂ ಅಂಗಡಿಗಳೂ ವಿರಳವಾಗಿರುವುದರಿಂದ, ಬೆಂಗಳೂರಿನಂಥ ನಗರದ ನಕ್ಷೆ ಆಕ್ರಮಿಸುವಷ್ಟು ಸ್ಥಳವನ್ನು ಅದು ಫೋನಿನಲ್ಲಿ ಬೇಡುವುದಿಲ್ಲ. ನಕ್ಷೆಯು ಚಿತ್ರವಾಗಿ ಬರದೆ ಗೆರೆಗಳ ಮತ್ತು ಹೆಸರುಗಳ ಲೆಕ್ಕವಾಗಿ ಬಂದು, ಚಿತ್ರವನ್ನು ಫೋನೇ ಆಮೇಲೆ ಬಿಡಿಸಿಕೊಳ್ಳುವುದರಿಂದ, ಖಾಲಿ ನೆಲಕ್ಕೆ ತೂಕವಿಲ್ಲ.

ಬಿಡಿಸುವ ಕ್ರಮ ಸುಲಭ. ಹೆಚ್ಚಿನವರ ಫೋನಿನಲ್ಲಿರುವ ಗೂಗಲ್ ಮ್ಯಾಪ್ಸನ್ನು ತೆರೆದು, ಮೇಲ್ಗಡೆಯ ಬಲಮೂಲೆಯಲ್ಲಿ ಕಾಣುವ ತಮ್ಮ ಚಿತ್ರದ ವೃತ್ತವನ್ನು ಒತ್ತಿದರೆ Offline maps ಎಂಬ ಸಾಲು ಕಾಣುತ್ತದೆ. ಅದರೊಳಗೆ Select your own map ಎಂಬುದನ್ನು ಒತ್ತಿದೊಡನೆ ನಕ್ಷೆಯ ಮೇಲೆ ನೀಲಿ ಅಂಚಿನ ಆಯತವೊಂದು ನಿಲ್ಲುತ್ತದೆ. ಎರಡು ಬೆರಳಿನಿಂದ ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿ, ನಾಲ್ಕೂ ಅಂಚುಗಳಲ್ಲಿ ನಾನು ಮೇಲೆ ಹೇಳಿದ ನಾಲ್ಕು ಊರುಗಳು ಒಳಗೆ ಬಿದ್ದಿವೆಯೆಂದು ಕಣ್ಣಾರೆ ನೋಡಿಕೊಂಡು, ಕೆಳಗೆ ತೋರಿಸುವ ಗಾತ್ರಕ್ಕೆ ಫೋನಿನಲ್ಲಿ ಜಾಗವಿದೆಯೆಂದು ಖಚಿತಪಡಿಸಿಕೊಂಡು Download ಎಂಬುದನ್ನು ಒತ್ತಬೇಕು. ಇದನ್ನು ಹೊರಡುವ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಾಡುವುದಕ್ಕಿಂತ ಹಿಂದಿನ ರಾತ್ರಿ ಮನೆಯ ವೈಫೈಯಲ್ಲಿ ಮಾಡುವುದು ಲೇಸು. ಅರ್ಧದಲ್ಲಿ ನಿಂತ ನಕ್ಷೆ ಪಟ್ಟಿಯಲ್ಲಿ ಹೆಸರು ತೋರಿಸಿ ಮೋಸಗೊಳಿಸುವುದುಂಟು. ಹೀಗೆ ಇಳಿಸಿದ ನಕ್ಷೆಗೆ ಆಯುಷ್ಯವೂ ಇದೆ. ಅವಧಿ ಮೀರುವ ಮುನ್ನ ಅದನ್ನು ನವೀಕರಿಸಿಕೊಳ್ಳಬೇಕು; ಹೋದ ವರ್ಷದ ಪ್ರಯಾಣಕ್ಕೆ ಇಳಿಸಿದ್ದು ಇದ್ದೇ ಇದೆಯಲ್ಲ ಎಂದು ನಂಬಿ ಹೊರಡುವವನು ಅದೇ ಪಟ್ಟಿಯಲ್ಲಿ ಅದರ ಪಕ್ಕದ ದಿನಾಂಕವನ್ನು ಓದಿಕೊಂಡು ಹೊರಡತಕ್ಕದ್ದು.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಗಿ ಲೋಕದ ಸ್ವಯಂಸೇವಕರು ಕೂಡಿ ಬರೆಯುತ್ತ ಬಂದ ಮುಕ್ತ ನಕ್ಷೆಯನ್ನು ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್, ಆಸ್ಮ್ಯಾಂಡ್ ಮೊದಲಾದವು ಇನ್ನೊಂದು ಜಾತಿಯವು. ಇವು ಹುಟ್ಟಿನಿಂದಲೇ ಸಿಗ್ನಲ್ಲಿಲ್ಲದ ಪ್ರಯಾಣಕ್ಕೆಂದು ರಚಿತವಾದವು. ಅವಧಿಯ ಕಾಟವಿಲ್ಲ, ಕಾಲುದಾರಿಗಳ ವಿವರ ಹೆಚ್ಚು. ಆದರೆ ಇವುಗಳಲ್ಲಿ ನಮಗಿಷ್ಟವಾದ ಆಯತವನ್ನು ಬಿಡಿಸುವ ಪದ್ಧತಿಯಿಲ್ಲ. ನಕ್ಷೆಗಳು ರಾಜ್ಯವಾರು ಕಟ್ಟಾಗಿ ಬರುತ್ತವೆ. ಹಾಸನೂರಿನ ಪ್ರಯಾಣಿಕನಿಗೆ ವಿಶೇಷವಾದ ತೊಡಕು ಹುಟ್ಟುವುದು ಇಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅಲ್ಲಿಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವು ಮೈಸೂರಿಗೆ ಬಂದಿತು. ಕನ್ನಡವನ್ನೇ ಮನೆಮಾತಾಗಿ ಉಳ್ಳ ತಾಳವಾಡಿಯ ಸೀಮೆ, ಹಾಸನೂರೂ ಸೇರಿದಂತೆ, ಅತ್ತಲೇ ಉಳಿಯಿತು. ಆಗ ಎಳೆದ ಗೆರೆಯು ಇಂದು ನಕ್ಷೆಯ ಕಟ್ಟು ಮುಗಿಯುವ ಅಂಚಾಗಿ ಪರಿಣಮಿಸಿದೆ. ಬೆಂಗಳೂರಿನಿಂದ ಹೊರಟವನು ಕರ್ನಾಟಕದ ಕಟ್ಟನ್ನು ಇಳಿಸಿಕೊಂಡು ನಿಶ್ಚಿಂತನಾಗಿರುತ್ತಾನೆ. ಕಾರಪಳ್ಳ ದಾಟಿದೊಡನೆ, ಕಿವಿಗೆ ಬೀಳುವ ಮಾತು ಅದೇ ಕನ್ನಡವಾಗಿ, ರಸ್ತೆಯೂ ಅದೇ ಆಗಿ, ಆನೆಯೂ ಅದೇ ಕಾಡಿನದಾಗಿ ಇರುವಾಗ, ಫೋನಿನ ನಕ್ಷೆ ಮಾತ್ರ ಮುಗಿದುಹೋಗುತ್ತದೆ. ತಮಿಳುನಾಡಿನ ಕಟ್ಟನ್ನೂ ಇಳಿಸಿಕೊಳ್ಳದೆ ಈ ದಾರಿಗೆ ಹೊರಡಲಾಗದು. ರಾಜ್ಯವು ಎರಡು ಮೂರು ತುಂಡುಗಳಾಗಿ ಹಂಚಲ್ಪಟ್ಟಿದ್ದರೆ ಈರೋಡು ಜಿಲ್ಲೆ ಯಾವ ತುಂಡಿನಲ್ಲಿದೆಯೆಂದೂ ನೋಡಿಕೊಳ್ಳಬೇಕು.

ಇದು ಹೊಸ ಕಾಲದ ತೊಡಕೆಂದು ಭಾವಿಸಬೇಕಾಗಿಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಒಂದಂಗುಲ ನಕ್ಷೆಗಳು ಅಕ್ಷಾಂಶ ರೇಖಾಂಶಗಳ ಕಾಲು ಡಿಗ್ರಿಗೊಂದರಂತೆ, ಎಂದರೆ ಸುಮಾರು 27 ಕಿಲೋಮೀಟರಿಗೊಂದರಂತೆ, ಹಾಳೆಗಳಾಗಿ ವಿಭಾಗವಾಗಿದ್ದವು. ಚಾಮರಾಜನಗರವಿರುವುದು 58 ಎ ವಿಭಾಗದ 13ನೆಯ ಹಾಳೆಯಲ್ಲಿ. 77 ಡಿಗ್ರಿ ರೇಖಾಂಶವನ್ನು ದಾಟಿದರೆ 58 ಇ ವಿಭಾಗ ಮೊದಲಾಗುತ್ತದೆ. ಹಾಸನೂರು ಅದರ 2ನೆಯ ಹಾಳೆ. ಆ ಕಾಲದ ಅರಣ್ಯಾಧಿಕಾರಿ ಈ ದಾರಿಯಲ್ಲಿ ಹೋಗಬೇಕಾದರೆ ಒಂದರ ಅಂಚಿಗೆ ಇನ್ನೊಂದನ್ನು ಜೋಡಿಸಿ ಮೂರು ಹಾಳೆಗಳನ್ನಾದರೂ ಸುರುಳಿ ಸುತ್ತಿಕೊಳ್ಳಬೇಕಾಗಿತ್ತು. ಹಾಳೆಯ ಅಂಚು ಅವನ ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಾಗುತ್ತಿತ್ತು. ಅಂಚಿನ ಆಚೆ ಯಾವ ಹಾಳೆಯೆಂಬುದನ್ನು ಅಲ್ಲಿಯೇ ಅಚ್ಚುಮಾಡಿರುತ್ತಿದ್ದರು. ಫೋನಿನ ನಕ್ಷೆಯ ಅಂಚು ಕಾಣುವಂಥದಲ್ಲ. ಮನೆಯಲ್ಲಿ ಸಿಗ್ನಲ್ ಇರುವಾಗ ಇಳಿಸಿಕೊಂಡ ಭಾಗವೂ ಇಳಿಸಿಕೊಳ್ಳದ ಭಾಗವೂ ಒಂದೇ ಬಣ್ಣದಲ್ಲಿ ಏಕವಾಗಿ ತೋರುತ್ತವೆ, ಅಂಚು ಗೋಚರಿಸುವುದು ಕಾಡಿನೊಳಗೆ, ಆಗ ಮಾಡಬಹುದಾದುದು ಏನೂ ಇರುವುದಿಲ್ಲ.

ಆದುದರಿಂದ ಅಂಚನ್ನು ಮನೆಯಲ್ಲಿಯೇ ಕಾಣುವ ಉಪಾಯವನ್ನು ಮಾಡಬೇಕು. ಅದು ಬಹಳ ಸರಳ: ನಕ್ಷೆ ಇಳಿದ ಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈಯೂ ಆರಿದೆಯೆಂದು ನೋಡಿಕೊಂಡು, ಕಾಡಿನಲ್ಲಿ ಕೇಳಬೇಕಾಗಿ ಬರಬಹುದಾದ ಪ್ರಶ್ನೆಗಳನ್ನು ಮನೆಯ ಜಗುಲಿಯಲ್ಲಿ ಕುಳಿತು ಕೇಳುವುದು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ದಾರಿ ಕೊಡುತ್ತದೆಯೆ? ಹಾಸನೂರಿನಿಂದ ಕೊಳ್ಳೇಗಾಲಕ್ಕೆ ತಿರುಗಿಬರಲು ಕೊಡುತ್ತದೆಯೆ? ಅಂದಿಯೂರಿಗೆ? ಗುಂಡ್ಲುಪೇಟೆಗೆ? ದಿಂಬಂ ಘಟ್ಟದ ಮೇಲೆ ನಕ್ಷೆಯನ್ನು ಹಿಗ್ಗಿಸಿದರೆ ತಿರುವುಗಳು ಒಂದೊಂದಾಗಿ ಸ್ಫುಟವಾಗಿ ಕಾಣುತ್ತವೆಯೆ, ಅಥವಾ ದೂರದಿಂದ ನೋಡಿದ ಹಾಗೆ ಕಲಸಿಕೊಂಡು ನಿಲ್ಲುತ್ತವೆಯೆ? ಹಿಂದೆಂದೋ ನೋಡಿದ ನಕ್ಷೆಯ ಒರಟು ಪ್ರತಿಯೊಂದನ್ನು ಫೋನು ತನ್ನಷ್ಟಕ್ಕೆ ಇಟ್ಟುಕೊಂಡಿರುತ್ತದೆ. ಅದು ಊರುಗಳ ಹೆಸರನ್ನೂ ಹೆದ್ದಾರಿಯನ್ನೂ ತೋರಿಸಿ ನಕ್ಷೆ ಇದೆಯೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ, ಹಿಗ್ಗಿಸಿದರೆ ಮಾತ್ರ ಮಸಕಾಗುತ್ತದೆ. ಹೀಗೆ ಹಿಗ್ಗಿಸಿ ನೋಡುವುದೂ ದಾರಿಯನ್ನು ಕೇಳುವುದೂ ಎರಡೂ ಆಗಬೇಕು. ಒಂದು ಕೈಗೂಡಿದ ಮಾತ್ರಕ್ಕೆ ಇನ್ನೊಂದು ಕೈಗೂಡೀತೆಂಬ ಭರವಸೆಯಿಲ್ಲ.

ಈ ಪರೀಕ್ಷೆಯಲ್ಲಿಯೇ ಹೆಸರಿನ ತೊಡಕೂ ಬೆಳಕಿಗೆ ಬರುತ್ತದೆ. ನಾವು ಹಾಸನೂರೆನ್ನುವ ಊರನ್ನು ತಮಿಳರು ಆಸನೂರೆನ್ನುತ್ತಾರೆ. ಇಂಗ್ಲಿಷಿನ ಫಲಕಗಳಲ್ಲಿ Hasanur, Hassanur, Asanur ಎಂಬ ಮೂರು ರೂಪಗಳೂ ಕಾಣಸಿಗುತ್ತವೆ. ದಿಂಬಂ Dimbam ಆಗಿಯೂ Dhimbam ಆಗಿಯೂ ಇದೆ, ತಾಳವಾಡಿ Talavadi ಆಗಿಯೂ Thalavadi ಆಗಿಯೂ ಇದೆ. ಸಿಗ್ನಲ್ ಇರುವಾಗ ಹೇಗೆ ಬರೆದರೂ ಯಂತ್ರ ಊಹಿಸಿ ಕೊಡುತ್ತದೆ. ಸಿಗ್ನಲ್ ಇಲ್ಲದಾಗ ಫೋನಿನ ಊಹಾಶಕ್ತಿ ಅಲ್ಪ, ಬರೆದ ಹೆಸರು ಪಟ್ಟಿಯಲ್ಲಿದ್ದ ಹಾಗೆಯೇ ಇರಬೇಕು. ಅವಸರದಲ್ಲಿ ಅರ್ಧ ಬರೆದು ಮೊದಲು ಕಂಡ ಸಾಲನ್ನು ಒತ್ತಿದವನು ನಮ್ಮ ಹಾಸನ ಜಿಲ್ಲೆಯ ಹಾಸನಕ್ಕೋ, ಉಳುಂದೂರ್‌ಪೇಟೆಯ ಬಳಿಯ ಇನ್ನೊಂದು ಆಸನೂರಿಗೋ ಗುರಿಯಿಟ್ಟುಕೊಳ್ಳುವುದೂ ಅಸಂಭವವಲ್ಲ. ಹೆಸರನ್ನು ನಂಬುವುದಕ್ಕಿಂತ ಸ್ಥಳವನ್ನೇ ಗುರುತು ಮಾಡಿಟ್ಟುಕೊಳ್ಳುವುದು ನಿರಪಾಯಕರ. ತಂಗುವ ಮನೆ, ಪೆಟ್ರೋಲ್ ಬಂಕು, ಚೆಕ್‌ಪೋಸ್ಟು, ಘಟ್ಟದ ನೆತ್ತಿ, ಇಷ್ಟನ್ನು ನಕ್ಷೆಯ ಮೇಲೆ ಬೆರಳೊತ್ತಿ ಹಿಡಿದು ಉಳಿಸಿಕೊಂಡು, ತನಗೆ ತಿಳಿಯುವ ಹೆಸರನ್ನು ಇಟ್ಟುಕೊಂಡರೆ, ಆಮೇಲೆ ಬರೆಯುವ ಗೋಜೇ ಇರುವುದಿಲ್ಲ.

ಇಷ್ಟೆಲ್ಲ ಸಿದ್ಧತೆಯಾದ ಮೇಲೂ ಇಳಿಸಿಕೊಂಡ ನಕ್ಷೆಯು ರಸ್ತೆಯ ರೂಪವನ್ನು ಬಲ್ಲುದೇ ಹೊರತು ರಸ್ತೆಯ ಸ್ಥಿತಿಯನ್ನು ಅರಿಯದು. ದಿಂಬಂ ಘಟ್ಟದಲ್ಲಿ ರಾತ್ರಿಯ ಸಂಚಾರವು ಮದರಾಸು ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2022ರ ಫೆಬ್ರವರಿಯಿಂದ ನಿರ್ಬಂಧಕ್ಕೊಳಗಾಗಿದೆ, ವಾಹನದ ಬಗೆಗೆ ತಕ್ಕಂತೆ ಗಂಟೆಗಳೂ ಬೇರೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ದಾರಿ ಮುಚ್ಚಿರುತ್ತದೆ. ಇದಾವುದೂ ಇಳಿಸಿಕೊಂಡ ನಕ್ಷೆಯ ಗಣನೆಯಲ್ಲಿ ಬರುವುದೆಂದು ಭಾವಿಸಲಾಗದು. ಅದು ರಾತ್ರಿ ಹತ್ತಕ್ಕೂ ಅದೇ ಗೆರೆಯನ್ನು ತೋರಿಸೀತು. ಗೂಗಲ್ಲಿನ ನಕ್ಷೆಯಲ್ಲಿ ಸಿಗ್ನಲ್ ಇಲ್ಲದಾಗ ವಾಹನಸಂದಣಿಯ ವಿವರವೂ ಇರುವುದಿಲ್ಲ, ಬದಲಿ ದಾರಿಗಳನ್ನು ಪಕ್ಕದಲ್ಲಿ ತೋರಿಸುವುದೂ ಇಲ್ಲ, ನಡೆದು ಹೋಗುವವರಿಗೆ ದಾರಿ ಕೊಡುವುದೂ ಇಲ್ಲ; ಆದುದರಿಂದ ಅದು ಹೇಳುವ ತಲಪುವ ವೇಳೆಯು, ಎದುರಿಗೆ ಕಬ್ಬಿನ ಲಾರಿಯೂ ಇಲ್ಲದೆ, ಕಬ್ಬಿಗಾಗಿ ಕಾರಪಳ್ಳದ ಚೆಕ್‌ಪೋಸ್ಟಿನ ಬಳಿ ಲಾರಿಯನ್ನು ತಡೆದು ನಿಲ್ಲುವ ಆನೆಯೂ ಇಲ್ಲದೆ, ನಿರ್ವಿಘ್ನವಾಗಿ ಸಾಗುವ ಗಾಡಿಯ ವೇಳೆ. ಘಟ್ಟದ ಬಾಗಿಲು ಮುಚ್ಚುವ ಹೊತ್ತನ್ನು ಚಾಮರಾಜನಗರದಲ್ಲಿಯೋ ಪುಣಜನೂರಿನ ಚೆಕ್‌ಪೋಸ್ಟಿನಲ್ಲಿಯೋ ಬಾಯಿಬಿಟ್ಟು ಕೇಳಿಕೊಂಡು, ಫೋನು ಹೇಳಿದ ವೇಳೆಗೆ ಒಂದು ಗಂಟೆಯನ್ನಾದರೂ ಕೂಡಿಸಿ ಲೆಕ್ಕ ಹಾಕಬೇಕು.

ಮತ್ತೊಂದು ಅಪಾಯ ಹತ್ತಿರದ ದಾರಿಯದು. ದಿಂಬಂನಿಂದ ತಲಮಲೆಯ ಮೂಲಕ ತಾಳವಾಡಿಗೆ ಹೋಗುವ ಕಾಡಿನ ಹಾದಿಯಿದೆ. ನಕ್ಷೆಯ ಲೆಕ್ಕಕ್ಕೆ ಅದು ರಸ್ತೆ, ಅಷ್ಟೇ. ಅದರಲ್ಲಿ ಹೊರಗಿನವರ ಗಾಡಿಯನ್ನು ಯಾವ ಹೊತ್ತಿನಲ್ಲಿ ಬಿಡುತ್ತಾರೆ, ಬಿಡುವುದಿಲ್ಲ ಎಂಬುದು ಅರಣ್ಯ ಇಲಾಖೆಯ ಗೇಟಿನವರಿಗೆ ಗೊತ್ತಿರುವ ವಿಷಯ. ಮುಕ್ತ ನಕ್ಷೆಯ ಆ್ಯಪುಗಳಲ್ಲಿ ಮಣ್ಣಿನ ದಾರಿಯನ್ನು ವರ್ಜಿಸುವ ಸೌಕರ್ಯವಿರುವುದರಿಂದ ಹೊರಡುವ ಮೊದಲೇ ಅದನ್ನು ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೂ ಮಿಗಿಲಾಗಿ, ಸಿಗ್ನಲ್ ಇರುವಾಗ ಕೊಟ್ಟ ದಾರಿಯೂ ಏರೋಪ್ಲೇನ್ ಮೋಡಿನಲ್ಲಿ ಕೊಟ್ಟ ದಾರಿಯೂ ಒಂದೇ ಆಗಿದೆಯೆ ಎಂದು ಹೋಲಿಸಿ ನೋಡಬೇಕು. ಎರಡೂ ಬೇರೆಯಾಗಿ, ಎರಡನೆಯದು ಹೆದ್ದಾರಿಯನ್ನು ಬಿಟ್ಟು ಕಾಡನ್ನು ಹೊಕ್ಕಿದ್ದರೆ, ಏಕೆ ಹೊಕ್ಕಿತೆಂದು ವಿಚಾರಿಸದೆ ಅದನ್ನು ಹಿಡಿಯಬಾರದು.

ಘಟ್ಟದ ತಿರುವುಗಳಲ್ಲಿ ಕಾಣುವ ಒಂದು ವಿಚಿತ್ರವನ್ನೂ ಇಲ್ಲಿ ಹೇಳಿಬಿಡಬೇಕು. ಹೇರ್‌ಪಿನ್ ತಿರುವಿನಲ್ಲಿ ರಸ್ತೆಯು ತನ್ನ ಮೇಲೆ ತಾನೇ ಮಡಿಸಿಕೊಂಡು, ಮೇಲಿನ ತೋಳಿಗೂ ಕೆಳಗಿನ ತೋಳಿಗೂ ನಕ್ಷೆಯ ಮೇಲೆ ಕೆಲವೇ ಮೀಟರುಗಳ ಅಂತರ ಉಳಿಯುತ್ತದೆ. ಉಪಗ್ರಹದ ಲೆಕ್ಕದಲ್ಲಿ ಬಯಲಿನಲ್ಲಿಯೇ ಐದಾರು ಮೀಟರಿನ ಸಂದೇಹವಿರುವುದು ಸಹಜ. ಬೆಟ್ಟದ ಬಂಡೆಗೆ ತಾಗಿ ಮರಳಿ ಬಂದ ಸಂಕೇತಗಳು ಅದನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹೀಗಾಗಿ ಮೂರನೆಯ ತಿರುವಿನಲ್ಲಿರುವ ಬಾಣ ಹಠಾತ್ತನೆ ಮೇಲಿನ ತೋಳಿಗೆ ನೆಗೆದು, ಫೋನು 'ಹಿಂದಕ್ಕೆ ತಿರುಗಿ' ಎನ್ನುವುದುಂಟು. ಕಡಿದಾದ ಇಳಿಜಾರಿನಲ್ಲಿ ಅದನ್ನು ಕೇಳಿ ಬೆಚ್ಚಿದವನು ಅಡ್ಡಕ್ಕೆ ಗಾಡಿ ಒಡ್ಡಿದರೆ ಹಿಂದಿನ ಲಾರಿಗೆ ನಿಲ್ಲಲು ಸ್ಥಳವಿರುವುದಿಲ್ಲ. ದಿಂಬಂನಿಂದ ಬಣ್ಣಾರಿಯವರೆಗೆ ಇಳಿಯುವ ಹೆದ್ದಾರಿ ಒಂದೇ. ಅಷ್ಟು ದೂರ ಫೋನಿನ ಧ್ವನಿಯನ್ನು ಅಡಗಿಸಿ, ತಿರುವಿನ ಸಂಖ್ಯೆಯನ್ನು ರಸ್ತೆಯಂಚಿನ ಫಲಕದಲ್ಲಿ ಓದಿಕೊಳ್ಳುತ್ತ ಹೋಗುವುದೇ ಯುಕ್ತ.

ಈ ಸಲ ಸಂಕ್ರಾಂತಿಯ ಮರುದಿನ ನಾನು ಮತ್ತೆ ಆ ದಾರಿಯಲ್ಲಿ ಹೋದೆ. ಹಿಂದಿನ ರಾತ್ರಿ ಆಯತವನ್ನು ಗುಂಡ್ಲುಪೇಟೆಯಿಂದ ಅಂದಿಯೂರಿನವರೆಗೆ ಬಿಡಿಸಿ, ಏರೋಪ್ಲೇನ್ ಮೋಡಿನಲ್ಲಿ ನಾಲ್ಕೂ ದಾರಿಗಳನ್ನು ಕೇಳಿ ನೋಡಿದ್ದೆ; ಅಂದಿಯೂರಿನ ದಾರಿ ಮೊದಲ ಸಲ ಬರಲಿಲ್ಲ, ಊರು ಅಂಚಿನ ಹೊರಗೆ ಬೆರಳಗಲದಷ್ಟು ಉಳಿದುಬಿಟ್ಟಿತ್ತು, ಅದನ್ನು ಸರಿಪಡಿಸಿಕೊಂಡೆ. ಗಾಡಿಯ ಚಾರ್ಜರಿನ ವೈರನ್ನು ಬದಲಾಯಿಸಿದೆ. ಒಂದು ಚೀಟಿಯಲ್ಲಿ ಪುಣಜನೂರು, ಕಾರಪಳ್ಳ, ಹಾಸನೂರು, ದಿಂಬಂ, ಬಣ್ಣಾರಿ ಎಂದು ಕ್ರಮವಾಗಿ ಬರೆದು, ಗೇರ್ಮಾಳಂ ಕವಲಿನ ಮುಂದೆ ಅಡ್ಡಗೆರೆ ಎಳೆದು, ಸ್ಟಿಯರಿಂಗಿನ ಹಿಂದಿನ ಗಾಜಿಗೆ ಅಂಟಿಸಿದೆ. ಹಾಸನೂರಿನ ಅದೇ ಅಂಗಡಿಯಲ್ಲಿ ಚಹಾ ಕುಡಿಯುವಾಗ ಬೇಕೆಂದೇ ಫೋನನ್ನು ಆರಿಸಿ ಮತ್ತೆ ಹಚ್ಚಿದೆ. ಚುಕ್ಕೆ ಮೂಡಲು ಒಂದು ನಿಮಿಷ ಹಿಡಿಯಿತು. ಸತ್ಯಮಂಗಲವೆಂದು ಉಳಿಸಿಟ್ಟಿದ್ದ ಗುರುತನ್ನು ಒತ್ತಿದೆ, ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲದ ಫೋನಿನಲ್ಲಿ ದಾರಿ ನೀಲಿಯಾಗಿ ಘಟ್ಟವನ್ನಿಳಿದು ಬಯಲಿನವರೆಗೆ ಹರಿಯಿತು. ಅಂಗಡಿಯವರು ಲೋಟ ತೆಗೆಯುತ್ತ, "ಬಿರ್ನೆ ಹೊಂಟ್ಬುಡಿ ಸ್ವಾಮಿ, ಮೂರನೇ ತಿರುವಲ್ಲಿ ಲಾರಿ ನಿಂತದಂತೆ, ಈಗ್ತಾನೆ ಬಸ್ಸಿನೋರು ಹೇಳಿದ್ರು" ಎಂದರು. ನಾಲ್ಕು ಗಂಟೆಯಾಗಿತ್ತು. ಫೋನಿನಲ್ಲಿ ಅಂದಿಯೂರಿನ ದಾರಿಯನ್ನು ಕೇಳಿ, ಕತ್ತಲಾಗುವ ಮೊದಲು ಅದು ಮುಗಿಯದೆಂದು ಕಂಡು, ದಿಂಬಂ ನೆತ್ತಿಯವರೆಗೆ ಹೋಗಿ, ಸಾಲುಗಟ್ಟಿದ ಬಸ್ಸುಗಳ ಹಿಂದೆ ಎಂಜಿನ್ ಆರಿಸಿ ಕಾದೆ. ಐದೂವರೆಯ ಹೊತ್ತಿಗೆ ಸಾಲು ಕದಲಿತು.